ಪೂಜೆಯ ಕೊನೆಗೆ ಮರಣದ ಪ್ರಕಟಣೆ: ಓದುವವರಿಗೆ ಸಮಗ್ರ ಮಾರ್ಗದರ್ಶಿ

ಕಾರವಾರ, ಅಂಕೋಲಾ, ಹೊನ್ನಾವರದ ಕಡೆಯ ಇಗರ್ಜಿಗಳಲ್ಲಿ ಭಾನುವಾರದ ಪೂಜೆ ಮುಗಿಯುವ ಹೊತ್ತಿಗೆ ಒಬ್ಬರು ಮೈಕಿನ ಮುಂದೆ ಬಂದು ವಾರದ ಪ್ರಕಟಣೆ ಓದುತ್ತಾರೆ. ಊರಲ್ಲಿ ಯಾರಾದರೂ ತೀರಿಕೊಂಡಿದ್ದರೆ ಆ ಸುದ್ದಿಯನ್ನೂ ಹೇಳಬೇಕಾದವರು ಅವರೇ. ಈ ಬರಹ ಅವರಿಗಾಗಿ. ಕೇಳಿದವರು ಹೊರಗೆ ಬಂದು ಚಪ್ಪಲಿ ಹಾಕಿಕೊಳ್ಳುವಾಗ ಪಕ್ಕದವರನ್ನು "ಎಷ್ಟು ಗಂಟೆಗೆ ಅಂದ್ರು?" ಎಂದು ಕೇಳುವಂತಾದರೆ ಪ್ರಕಟಣೆ ಕೆಟ್ಟಿದೆ ಎಂದೇ ಅರ್ಥ. ಹೀಗೆ ಕೆಡುವುದು ಹೆಚ್ಚಾಗಿ ಓದುವಾಗಲ್ಲ, ಬರೆದುಕೊಳ್ಳುವಾಗ.

ಮೊದಲು ಮನೆಯವರಲ್ಲಿ ಒಬ್ಬರನ್ನು ಹಿಡಿಯಿರಿ

ಸಾವಿನ ಮನೆಯಲ್ಲಿ ಫೋನ್ ಎತ್ತುವವರು ಹತ್ತು ಜನ ಇರುತ್ತಾರೆ. ಅಳಿಯ ಒಂದು ಹೊತ್ತು ಹೇಳುತ್ತಾನೆ, ಪಕ್ಕದ ಮನೆಯವರು ಇನ್ನೊಂದು ಹೇಳುತ್ತಾರೆ. "ನಿಮ್ಮ ಕಡೆಯಿಂದ ಯಾರ ಮಾತು ಕೊನೆಯದು?" ಎಂದು ಮೆತ್ತಗೆ ಕೇಳಿ, ಆ ಒಬ್ಬರ ಹೆಸರು ಮತ್ತು ನಂಬರು ಬರೆದುಕೊಳ್ಳಿ. ಮುಂದಿನ ಎಲ್ಲ ಬದಲಾವಣೆಯೂ ಅವರ ಮೂಲಕವೇ ಬರಬೇಕು. ಹಾಗೆಯೇ ಫಾದರ್ ಒಪ್ಪಿದ ಸಮಯ ಯಾವುದು ಎಂದು ಅವರನ್ನೇ ಕೇಳಿ. ಮನೆಯವರು ಅಂದುಕೊಂಡದ್ದು, ಫಾದರ್ ಒಪ್ಪಿದ್ದು ಒಂದೇ ಆಗಿರಬೇಕೆಂದಿಲ್ಲ.

ಆ ಒಬ್ಬರಿಗೆ ಕೇಳಬೇಕಾದ ಮೊದಲ ಪ್ರಶ್ನೆ ಸಮಯದ್ದಲ್ಲ. "ಇನ್ನೂ ಯಾರಿಗೆ ಗೊತ್ತಿಲ್ಲ?" ಎಂಬುದು. ಶನಿವಾರ ರಾತ್ರಿ ತೀರಿಕೊಂಡವರ ಅಕ್ಕ ಎಂಬತ್ತು ದಾಟಿದವರು, ಬೆಳಿಗ್ಗೆ ಪೂಜೆ ಮುಗಿಸಿ ಬಂದ ಮೇಲೆ ಹೇಳೋಣ ಎಂದು ಮನೆಯವರು ಸುಮ್ಮನಿದ್ದಾರೆ. ಆ ಅಕ್ಕ ಇಗರ್ಜಿಯ ಮೂರನೇ ಬೆಂಚಿನಲ್ಲಿ ಕೂತಿದ್ದಾರೆ. ನೀವು ಮೈಕಿನಲ್ಲಿ ಹೆಸರು ಓದಿದ ಆ ಕ್ಷಣವನ್ನು ಆಮೇಲೆ ಯಾವ ಮಾತಿನಿಂದಲೂ ಸರಿಪಡಿಸಲಾಗದು. ಅಂಥವರು ಇದ್ದರೆ ಪೂಜೆಗೆ ಮುಂಚೆ ಒಬ್ಬರು ಹೋಗಿ ಕೈಹಿಡಿದು ಹೇಳಬೇಕು, ಇಲ್ಲವೇ ಆ ಪೂಜೆಯಲ್ಲಿ ಪ್ರಕಟಣೆ ಬಿಟ್ಟು ಮುಂದಿನದಕ್ಕೆ ಇಟ್ಟುಕೊಳ್ಳಬೇಕು. ಹೆಸರು ವಿಶ್ವಾಸಿಗಳ ಪ್ರಾರ್ಥನೆಯಲ್ಲೂ ಬರುವುದಿದ್ದರೆ ಅದಕ್ಕೂ ಇದೇ ನಿಯಮ. ಅದು ಪ್ರಕಟಣೆಗಿಂತ ಅರ್ಧ ಗಂಟೆ ಮೊದಲೇ ಬರುತ್ತದೆ ಎಂಬುದನ್ನು ಮರೆಯುವವರು ಬಹಳ.

ಯಾರು ಎಂಬುದು ಎಲ್ಲರಿಗೂ ತಿಳಿಯಬೇಕು

ನಮ್ಮ ಕರಾವಳಿಯಲ್ಲಿ ಫರ್ನಾಂಡಿಸ್, ಡಿಸೋಜಾ, ರೊಡ್ರಿಗಸ್ ಎಂಬ ಮನೆಹೆಸರಿನವರು ಒಂದೊಂದು ವಾರ್ಡಿನಲ್ಲೂ ನಾಲ್ಕಾರು ಮನೆ. ಅದಕ್ಕೆ ಜೊತೆಯಾಗಿ ಮರಿಯಾ, ಆಂತೋನಿ ಇದ್ದರಂತೂ ಕೇಳುವವರು ಬೇರೆ ಯಾರನ್ನೋ ನೆನೆದು ಹೌಹಾರುತ್ತಾರೆ. ಜೀವಂತ ಇರುವವರ ಮನೆಗೆ ಜನ ಓಡಿಹೋದದ್ದೂ ಉಂಟು. ಆದ್ದರಿಂದ ಹೆಸರಿನ ಜೊತೆಗೆ ಮೂರು ಗುರುತು ಬೇಕು: ವಾರ್ಡ್ ಅಥವಾ ಊರು, ಯಾರ ಹೆಂಡತಿ ಅಥವಾ ಯಾರ ಮಗ, ಮತ್ತು ಜನ ಅವರನ್ನು ಗುರುತಿಸುತ್ತಿದ್ದ ಕೆಲಸ. "ಕೋಡಿಬಾಗದ", "ದಿವಂಗತ … ಅವರ ಪತ್ನಿ", "ಮೀನು ಮಾರುಕಟ್ಟೆಯ ಹತ್ತಿರ ಹೊಲಿಗೆ ಅಂಗಡಿ ಇಟ್ಟಿದ್ದ" ಇಷ್ಟಾದರೆ ಸಾಕು. ಸೀಬರ್ಡ್ ನೌಕಾನೆಲೆಗಾಗಿ ಒಕ್ಕಲೆದ್ದ ಕುಟುಂಬಗಳನ್ನು ಜನ ಇವತ್ತಿಗೂ ಹಳೆಯ ಊರಿನಿಂದಲೇ ಗುರುತಿಸುತ್ತಾರೆ. ಈಗಿನ ವಿಳಾಸದ ಜೊತೆ "ಮೂಲತಃ ಅರ್ಗಾದವರು" ಎಂದರೆ ಹಿರಿಯರಿಗೆ ಥಟ್ಟನೆ ಹೊಳೆಯುತ್ತದೆ. ಕರೆಯುವ ಹೆಸರು ಬೇರೆ ಇದ್ದರೆ ಅದನ್ನು ಸೇರಿಸಬಹುದು, ಆದರೆ ಮನೆಯವರನ್ನು ಕೇಳಿ. ಬೀದಿಯಲ್ಲಿ ಎಲ್ಲರೂ ಕರೆಯುತ್ತಿದ್ದ ಅಡ್ಡಹೆಸರು ಇಗರ್ಜಿಯಲ್ಲಿ ಮಕ್ಕಳಿಗೆ ಚುಚ್ಚಬಹುದು.

ವಯಸ್ಸು ಹೇಳಿ. ಕಾರಣ ಬೇಡ. ಮನೆಯವರೇ ಹೇಳಿ ಎಂದರೆ "ಕೆಲಕಾಲದ ಅಸೌಖ್ಯದ ಬಳಿಕ" ಎನ್ನುವಷ್ಟಕ್ಕೆ ನಿಲ್ಲಿಸಿ. ಆತ್ಮಹತ್ಯೆಯಾಗಿದ್ದಾಗ ಇದು ಇನ್ನೂ ಮುಖ್ಯ. ಅಂಥವರಿಗೆ ಅಂತ್ಯಕ್ರಿಯೆ ನಿರಾಕರಿಸುವ ಹಳೆಯ ಕಟ್ಟಳೆ 1983ರ ಧರ್ಮಸಭೆಯ ಕಾನೂನಿನಲ್ಲಿ ಇಲ್ಲ, ಆದ್ದರಿಂದ ಪ್ರಕಟಣೆಯ ಮಾತು ಬೇರೆ ಯಾವ ಸಾವಿನ ಮಾತಿಗಿಂತಲೂ ಒಂದಕ್ಷರ ಬೇರೆಯಾಗಿರಬೇಕಿಲ್ಲ. ದನಿ ಇಳಿಸಿ ಓದಿದರೂ ಜನಕ್ಕೆ ಕಾರಣ ಗೊತ್ತಾಗುತ್ತದೆ.

ಕಡಲಿಗೆ ಹೋದ ದೋಣಿ ಮಗುಚಿ ಶರೀರ ಇನ್ನೂ ಸಿಗದಿದ್ದರೆ ಸಾವೆಂದು ಹೇಳುವಂತಿಲ್ಲ. "ಕಾಣೆಯಾಗಿದ್ದಾರೆ, ಹುಡುಕಾಟ ನಡೆದಿದೆ, ಅವರಿಗಾಗಿ, ಮನೆಯವರಿಗಾಗಿ ಪ್ರಾರ್ಥಿಸೋಣ" ಎಂದಷ್ಟೇ ಹೇಳಿ. ಅಪಘಾತವಾಗಿ ಪಂಚನಾಮೆ, ಮರಣೋತ್ತರ ಪರೀಕ್ಷೆ ಬಾಕಿ ಇದ್ದರೆ ಸಾವನ್ನು ಹೇಳಬಹುದು, ಸಮಯವನ್ನು ಹೇಳಬೇಡಿ. ಆಸ್ಪತ್ರೆಯಿಂದ ಶರೀರ ಯಾವಾಗ ಬಿಡುತ್ತಾರೆ ಎಂಬುದು ಯಾರ ಕೈಯಲ್ಲೂ ಇಲ್ಲ.

ಸಮಯಗಳು ಒಂದಲ್ಲ, ಮೂರು

"ಅಂತ್ಯಕ್ರಿಯೆ ಸಂಜೆ 4ಕ್ಕೆ." ಅತಿ ಹೆಚ್ಚು ಗೊಂದಲ ಎಬ್ಬಿಸುವ ವಾಕ್ಯ ಇದು. ಅರ್ಧ ಜನ ಮನೆಯಿಂದ ಹೊರಡುವುದು 4ಕ್ಕೆ ಎಂದುಕೊಳ್ಳುತ್ತಾರೆ, ಅರ್ಧ ಜನ ಇಗರ್ಜಿಯಲ್ಲಿ ಪೂಜೆ 4ಕ್ಕೆ ಎಂದು, ಕೆಲವರು ಸಮಾಧಿಯೇ 4ಕ್ಕೆ ಎಂದು. ಮೊದಲನೆಯವರು ಖಾಲಿ ಮನೆಗೆ ಬಂದು ನಿಲ್ಲುತ್ತಾರೆ, ಕೊನೆಯವರು ಬೀಗ ಹಾಕಿದ ಸಿಮಿತ್ರಿಯ ಮುಂದೆ ಒಂದು ಗಂಟೆ ಕಾಯುತ್ತಾರೆ.

ಹಾಗಾಗಿ ಮೂರನ್ನೂ ಬೇರೆಬೇರೆ ವಾಕ್ಯದಲ್ಲಿ ಹೇಳಬೇಕು: ಕೊನೆಯ ದರ್ಶನ ಯಾವಾಗಿಂದ ಎಲ್ಲಿ, ಮನೆಯಿಂದ ಹೊರಡುವುದು ಯಾವಾಗ, ಇಗರ್ಜಿಯಲ್ಲಿ ಪೂಜೆ ಯಾವಾಗ. ಸಮಾಧಿಗೆ ಗಂಟೆ ಹೇಳಬೇಡಿ, "ಪೂಜೆಯ ಬಳಿಕ ನಮ್ಮ ಸಮಾಧಿ ಭೂಮಿಯಲ್ಲಿ" ಎಂದರೆ ಸಾಕು. ಪ್ರತಿ ವಾಕ್ಯದಲ್ಲೂ ವಾರದ ಹೆಸರು ಬರಲಿ. "ನಾಳೆ", "ನಾಡಿದ್ದು" ಎಂಬ ಪದಗಳನ್ನು ಚೀಟಿಗೆ ಹತ್ತಿರ ಬಿಡಬೇಡಿ. ಶನಿವಾರ ಸಂಜೆಯ ಪೂಜೆಗೆ "ನಾಳೆ" ಎಂದು ಬರೆದದ್ದನ್ನು ಭಾನುವಾರ ಬೆಳಿಗ್ಗೆ ಇನ್ನೊಬ್ಬರು ಹಾಗೇ ಓದಿಬಿಡುತ್ತಾರೆ.

ಕನ್ನಡದಲ್ಲಿ ಇನ್ನೊಂದು ತೊಡಕಿದೆ. ಎತ್ತರದ ಚಾವಣಿಯ ಇಗರ್ಜಿಯಲ್ಲಿ ದನಿ ಮರುಕಳಿಸಿ "ಮೂರೂ ಮುಕ್ಕಾಲು", "ನಾಲ್ಕೂ ಕಾಲು" ಎರಡರಲ್ಲೂ ಹಿಂದಿನ ಬೆಂಚಿಗೆ ಕೇಳುವುದು "ಕಾಲು" ಮಾತ್ರ. ಮನೆಯವರ ಹತ್ತಿರ ಮಾತಾಡಿ ಪೂರ್ತಿ ಗಂಟೆಗೋ ಅರ್ಧ ಗಂಟೆಗೋ ತನ್ನಿ. ಕಾಲುಗಂಟೆ ಉಳಿಸಿಕೊಂಡು ಯಾರೂ ಏನೂ ಗಳಿಸುವುದಿಲ್ಲ.

ದಿನ ನಿಗದಿಯಾಗುವ ಮುನ್ನ ಪೂಜಾವರ್ಷವನ್ನೂ ನೋಡಬೇಕು. ಆಗಮನ ಕಾಲ, ತಪಸ್ಸುಕಾಲ, ಪಾಸ್ಕ ಕಾಲದ ಭಾನುವಾರಗಳಲ್ಲಿ, ಕಡ್ಡಾಯ ಪೂಜೆಯ ಮಹೋತ್ಸವಗಳಂದು, ಪವಿತ್ರ ಗುರುವಾರದಿಂದ ಪಾಸ್ಕ ಹಬ್ಬದವರೆಗೆ ಅಂತ್ಯಕ್ರಿಯೆಯ ಬಲಿಪೂಜೆ ಇರುವುದಿಲ್ಲ. ಆ ದಿನಗಳಲ್ಲಿ ಸಮಾಧಿ ಮಾಡಲೇಬೇಕಾಗಿ ಬಂದರೆ ಪೂಜೆಯಿಲ್ಲದೆ ವಾಚನ, ಪ್ರಾರ್ಥನೆ, ಅಂತಿಮ ವಿದಾಯದ ವಿಧಿ ನಡೆಯುತ್ತದೆ, ಪೂಜೆ ಬೇರೆ ದಿನ. ಆಗ ಚೀಟಿಯಲ್ಲಿ "ಬಲಿಪೂಜೆ" ಎಂದು ಬರೆಯದೆ "ಅಂತ್ಯಕ್ರಿಯೆಯ ಪ್ರಾರ್ಥನಾವಿಧಿ" ಎಂದು ಬರೆಯಿರಿ. ಇಲ್ಲದಿದ್ದರೆ ಪೂಜೆಗೆಂದು ಬಂದವರು, "ಯಾಕೆ ಪೂಜೆ ಕೊಡಲಿಲ್ಲ? ಏನಾದರೂ ತಪ್ಪಿತ್ತೇ?" ಎಂದು ಗುಸುಗುಸು ಮಾತಾಡಿಕೊಳ್ಳುತ್ತಾರೆ. ಅದು ನೇರ ಮನೆಯವರ ಮೇಲೆ ಬೀಳುತ್ತದೆ.

ಒಂದು ಉದಾಹರಣೆ, ಲೆಕ್ಕ ಸಮೇತ

ತಪಸ್ಸುಕಾಲದ ಒಂದು ಶನಿವಾರ ಎಂದಿಟ್ಟುಕೊಳ್ಳಿ. ಕೋಡಿಬಾಗದ 78 ವರ್ಷದ ಅಮ್ಮ ರಾತ್ರಿ ಹತ್ತೂವರೆಗೆ ಆಸ್ಪತ್ರೆಯಲ್ಲಿ ತೀರಿಕೊಂಡರು. ಭಾನುವಾರ ಬೆಳಿಗ್ಗೆ 6.30ಕ್ಕೂ 8.30ಕ್ಕೂ ಪೂಜೆ. ಮಗಳು ಮುಂಬೈಯಲ್ಲಿ, ಮಗ ಕುವೈತಿನಲ್ಲಿ. ಮಗನ ವಿಮಾನ ಗೋವಾಕ್ಕೆ ಸೋಮವಾರ ಬೆಳಿಗ್ಗೆ 9.30ಕ್ಕೆ.

ಭಾನುವಾರ ಅಂತ್ಯಕ್ರಿಯೆಯ ಪೂಜೆ ಹೇಗೂ ಆಗದು, ಸೋಮವಾರವೇ ಆಗಬೇಕು. ಈಗ ಮಗನ ದಾರಿಯ ಲೆಕ್ಕ. ಗೋವಾದಲ್ಲಿ ಎರಡು ವಿಮಾನ ನಿಲ್ದಾಣ, ಯಾವುದೆಂದು ಕೇಳಲೇಬೇಕು. ದಾಬೋಲಿ ದಕ್ಷಿಣಕ್ಕಿದೆ, ಮೋಪಾ ಉತ್ತರದ ತುದಿಯಲ್ಲಿ, ಕಾರವಾರಕ್ಕೆ ಅಲ್ಲಿಂದ ಕಡಿಮೆಯೆಂದರೂ ಒಂದು ಗಂಟೆ ಹೆಚ್ಚು. ದಾಬೋಲಿ ಎಂದಿಟ್ಟುಕೊಂಡರೆ ಹೊರಗೆ ಬರಲು ಒಂದು ಗಂಟೆ, ರಸ್ತೆಗೆ ಎರಡೂವರೆ ಗಂಟೆ: ಮಧ್ಯಾಹ್ನ ಒಂದಕ್ಕೆ ಮನೆ. ವಿಮಾನ ತಡವಾದೀತು ಎಂದು ಇನ್ನೊಂದು ಗಂಟೆ ಇಟ್ಟರೆ ಎರಡು. ಮಗನಿಗೆ ತಾಯಿಯ ಹತ್ತಿರ ಸ್ವಲ್ಪ ಹೊತ್ತು ಬೇಡವೇ? ಹಾಗಾಗಿ ಮನೆಯಿಂದ ಹೊರಡುವುದು ಮೂರೂವರೆ, ಪೂಜೆ ನಾಲ್ಕು. ಪೂಜೆ, ಸಮಾಧಿ ಎಲ್ಲ ಮುಗಿದರೂ ಬೆಳಕಿರುತ್ತದೆ. ಮಳೆಗಾಲವಾಗಿದ್ದರೆ ಅರ್ಧ ಗಂಟೆ ಹಿಂದಕ್ಕೆ ತರುವುದು ಒಳ್ಳೆಯದು. ಗುಂಡಿಗೆ ನೀರು ತುಂಬಿ ಎತ್ತಿಹಾಕಲು ಹೊತ್ತು ಬೇಕು, ಕುಮಟಾ ಕಡೆಯಿಂದಲೋ ಅರಬೈಲ್ ಘಟ್ಟ ಇಳಿದೋ ಬರುವವರಿಗೆ ರಸ್ತೆಯ ಭರವಸೆ ಇಲ್ಲ. 2024ರ ಜುಲೈನಲ್ಲಿ ಶಿರೂರಿನಲ್ಲಿ ಗುಡ್ಡ ಕುಸಿದು ಹೆದ್ದಾರಿ ಮುಚ್ಚಿದ್ದು ಎಲ್ಲರಿಗೂ ನೆನಪಿದೆ.

ಶರೀರ ಸೋಮವಾರ ಬೆಳಿಗ್ಗೆಯವರೆಗೆ ಆಸ್ಪತ್ರೆಯ ಶೀತಲ ಕೊಠಡಿಯಲ್ಲಿ. ಭಾನುವಾರ ಮನೆಗೆ ಹೋದರೆ ಅಲ್ಲಿ ಮುಖ ನೋಡಲು ಸಿಗುವುದಿಲ್ಲ. ಇದನ್ನು ಹೇಳದಿದ್ದರೆ ಪೂಜೆ ಮುಗಿಸಿ ಇಡೀ ವಾರ್ಡ್ ನೇರ ಮನೆಗೆ ಹೋಗುತ್ತದೆ.

ಚೀಟಿ ಹೀಗೆ:

"ಒಂದು ದುಃಖದ ಸುದ್ದಿ. ನಮ್ಮ ಕೋಡಿಬಾಗ ವಾರ್ಡಿನ ಶ್ರೀಮತಿ ……, ದಿವಂಗತ …… ಅವರ ಪತ್ನಿ, 78 ವರ್ಷ, ಶನಿವಾರ ರಾತ್ರಿ ದೈವಾಧೀನರಾದರು. ಅವರು ಮೀನು ಮಾರುಕಟ್ಟೆಯ ಹತ್ತಿರ ಹೊಲಿಗೆ ಅಂಗಡಿ ನಡೆಸುತ್ತಿದ್ದರು.

ಸೋಮವಾರ ಬೆಳಿಗ್ಗೆ ಹನ್ನೊಂದು ಗಂಟೆಗೆ ಅವರನ್ನು ಮನೆಗೆ ಕರೆತರುತ್ತಾರೆ. ಅಂತಿಮ ದರ್ಶನ ಆಗಿನಿಂದ, ಮನೆಯಲ್ಲಿ.

ಸೋಮವಾರ ಮಧ್ಯಾಹ್ನ ಮೂರೂವರೆಗೆ ಮನೆಯಿಂದ ಹೊರಡುತ್ತಾರೆ.

ಸೋಮವಾರ ಸಂಜೆ ನಾಲ್ಕು ಗಂಟೆಗೆ ಇದೇ ಇಗರ್ಜಿಯಲ್ಲಿ ಅಂತ್ಯಕ್ರಿಯೆಯ ಬಲಿಪೂಜೆ. ಪೂಜೆಯ ಬಳಿಕ ನಮ್ಮ ಸಮಾಧಿ ಭೂಮಿಯಲ್ಲಿ ಸಮಾಧಿ.

ಮನೆಯವರದ್ದು ಎರಡು ವಿನಂತಿ. ಹೂಮಾಲೆ ತರುವ ಬದಲು ಆ ಹಣವನ್ನು ಇಗರ್ಜಿಯ ಬಡವರ ನಿಧಿಗೆ ಹಾಕಿದರೆ ಅವರಿಗೆ ಸಂತೋಷ. ಅಂತಿಮ ದರ್ಶನದ ಹೊತ್ತಿನಲ್ಲಿ ಫೋಟೋ, ವೀಡಿಯೋ ತೆಗೆಯುವುದು ಬೇಡ.

ಮತ್ತೊಮ್ಮೆ: ಅಂತ್ಯಕ್ರಿಯೆಯ ಪೂಜೆ ಸೋಮವಾರ ಸಂಜೆ ನಾಲ್ಕಕ್ಕೆ. ಅವರ ಆತ್ಮಕ್ಕಾಗಿ ಒಂದು ಗಳಿಗೆ ಮೌನವಾಗಿ ಪ್ರಾರ್ಥಿಸೋಣ."

ಇದು ನೂರು ಪದದ ಆಸುಪಾಸು, ನಿಧಾನವಾಗಿ ಓದಿದರೂ ಒಂದೂವರೆ ನಿಮಿಷ ದಾಟದು. ಎರಡನೇ ಸಲ ಹೇಳುವುದು ಪೂಜೆಯ ಸಮಯವನ್ನು ಮಾತ್ರ. ಎಲ್ಲವನ್ನೂ ಮತ್ತೆ ಓದಿದರೆ ಮೂರೂವರೆ, ನಾಲ್ಕು, ಹನ್ನೊಂದು ಎಲ್ಲ ಕಲಸಿಹೋಗುತ್ತದೆ.

ಮಾತಿನ ಆಯ್ಕೆ

ಮೇಲಿನ ಚೀಟಿಯಲ್ಲಿ "ಬಾಡಿ" ಎಂಬ ಪದ ಇಲ್ಲ. ಮನೆಯವರೇ ಫೋನಿನಲ್ಲಿ "ಬಾಡಿ ಹನ್ನೊಂದಕ್ಕೆ ಬರ್ತದೆ" ಎಂದಿರುತ್ತಾರೆ, ಅದು ಆಯಾಸದ ಮಾತು. ಮೈಕಿನಲ್ಲಿ ಅದೇ ಕೇಳಿದರೆ ಅವರಿಗೇ ನೋಯುತ್ತದೆ. "ಪಾರ್ಥಿವ ಶರೀರ" ತಪ್ಪಲ್ಲ, ಆದರೆ ಮಂತ್ರಿಗಳ ಸಾವಿನ ಸುದ್ದಿಯ ವಾಸನೆ ಅದಕ್ಕಿದೆ. "ಅವರನ್ನು ಮನೆಗೆ ಕರೆತರುತ್ತಾರೆ" ಎಂಬುದು ನಮ್ಮ ಜನ ಆಡುವ ಮಾತು, ಅದರಲ್ಲೇ ಗೌರವವೂ ಇದೆ. ಹಾಗೆಯೇ "ಮಣ್ಣು" ಎಂಬುದನ್ನು ಮನೆಯೊಳಗಿನ ಮಾತಿಗೆ ಬಿಡಿ.

ಬಹುವಚನದ ಬಗ್ಗೆಯೂ ಯೋಚಿಸಿ. ದೊಡ್ಡವರಿಗೆ "ದೈವಾಧೀನರಾದರು", "ತೀರಿಕೊಂಡರು" ಸಹಜ. ಆರು ವರ್ಷದ ಹುಡುಗಿಗೆ ಅದೇ ಬಹುವಚನ ಹಚ್ಚಿದರೆ ಕಿವಿಗೆ ಕೃತಕ. "ನಮ್ಮ ಮಗು …… ತೀರಿಕೊಂಡಳು" ಎಂದರೆ ಇಡೀ ಇಗರ್ಜಿ ಅವಳನ್ನು ತನ್ನದೆಂದುಕೊಳ್ಳುತ್ತದೆ. ಹದಿನೆಂಟು ಇಪ್ಪತ್ತರವರ ವಿಷಯದಲ್ಲಿ ಮನೆಯವರು ಹೇಗೆ ಹೇಳುತ್ತಾರೋ ಹಾಗೆ.

"ಇಬ್ಬರು ಪುತ್ರರು, ಓರ್ವ ಪುತ್ರಿ ಹಾಗೂ ಅಪಾರ ಬಂಧುಬಳಗವನ್ನು ಅಗಲಿದ್ದಾರೆ" ಎಂಬ ಪತ್ರಿಕೆಯ ವಾಕ್ಯವನ್ನು ಪ್ರಕಟಣೆಗೆ ತರುವವರಿದ್ದಾರೆ. ಬೇಡ ಎನ್ನುತ್ತೇವೆ. ಮನೆಯಲ್ಲಿ ಮಾತು ಬಿಟ್ಟ ಮಗ ಇರಬಹುದು, ಎರಡನೇ ಮದುವೆಯ ಮಕ್ಕಳಿರಬಹುದು. ಎಣಿಕೆಯಲ್ಲಿ ಯಾರನ್ನು ಬಿಟ್ಟಿರಿ ಎಂಬುದೇ ಆಮೇಲೆ ಊರಿನ ಮಾತಾಗುತ್ತದೆ. ಗುಣಗಾನವೂ ಬೇಡ. ಅದಕ್ಕೆ ಅಂತ್ಯಕ್ರಿಯೆಯ ದಿನವೇ ಜಾಗವಿದೆ.

ಕರಾವಳಿಯ ಬಹಳ ಮನೆಗಳಲ್ಲಿ ಕೊಂಕಣಿ, ಘಟ್ಟದ ಮೇಲೆ ಶಿರಸಿಯ ಕಡೆ ಕನ್ನಡ ಹೆಚ್ಚು. ಎರಡೂ ಭಾಷೆಯವರಿದ್ದರೆ ಪೂರ್ತಿ ಪ್ರಕಟಣೆ ಒಂದರಲ್ಲಿ, ಇನ್ನೊಂದರಲ್ಲಿ ಹೆಸರು ಮತ್ತು ಪೂಜೆಯ ಸಮಯ ಮಾತ್ರ. ಪೂರ್ತಿ ಎರಡು ಸಲ ಓದಿದರೆ ಎರಡನೆಯದನ್ನು ಯಾರೂ ಕೇಳುವುದಿಲ್ಲ.

ಮನೆಯವರ ಇಚ್ಛೆ

ಬೇಡಗಳ ಪಟ್ಟಿ ಓದಿದರೆ ಮನೆಯವರು ಗದರಿದಂತೆ ಕೇಳುತ್ತದೆ. "ಹೂಮಾಲೆ ತರಬೇಡಿ" ಎಂದು ನಿಲ್ಲಿಸಿದರೆ ಬರಿಗೈಯಲ್ಲಿ ಬರಲು ಹಿಂಜರಿದು ಕೆಲವರು ಬರುವುದನ್ನೇ ಬಿಡುತ್ತಾರೆ. ಅದರ ಬದಲು ಏನು ಮಾಡಬಹುದು ಎಂದು ಅದೇ ವಾಕ್ಯದಲ್ಲಿ ಹೇಳಿ. ಎರಡಕ್ಕಿಂತ ಹೆಚ್ಚು ವಿನಂತಿ ಇದ್ದರೆ ಉಳಿದದ್ದನ್ನು ಇಗರ್ಜಿಯ ಫಲಕಕ್ಕೆ ಹಾಕಿ. ಮನೆಗೆ ಯಾರೂ ಬರುವುದು ಬೇಡ ಎಂಬುದೊಂದೇ ಕಷ್ಟದ ವಿನಂತಿ. ಅದನ್ನು "ಮನೆಯವರು ಭಾನುವಾರ ಸ್ವಲ್ಪ ಏಕಾಂತ ಬಯಸಿದ್ದಾರೆ, ಸೋಮವಾರ ಹನ್ನೊಂದರಿಂದ ಎಲ್ಲರನ್ನೂ ಕಾಯುತ್ತಾರೆ" ಎಂದು ಬಾಗಿಲು ತೆರೆಯುವ ಹೊತ್ತಿನ ಜೊತೆ ಹೇಳಿದರೆ ಯಾರೂ ನೊಂದುಕೊಳ್ಳುವುದಿಲ್ಲ.

ಕಣ್ಣುದಾನವಾಗಿದ್ದರೆ ಮನೆಯವರು ಒಪ್ಪಿದಾಗ ಮಾತ್ರ ಒಂದು ವಾಕ್ಯ. ಸಾವಾದ ಆರು ಗಂಟೆಯೊಳಗೆ ಅದು ಮುಗಿದಿರಬೇಕಾದ್ದರಿಂದ "ಮಾಡಿದ್ದಾರೆ" ಎಂದೇ ಹೇಳಿ, "ಮಾಡಲಿದ್ದಾರೆ" ಎಂದಲ್ಲ. ದೇಹದಾನವಾಗಿದ್ದರೆ ಸಮಾಧಿ ಇರುವುದಿಲ್ಲ, ಅದನ್ನು ಸ್ಪಷ್ಟವಾಗಿ ಹೇಳದಿದ್ದರೆ ಜನ ಸಿಮಿತ್ರಿಗೆ ಹೋಗುತ್ತಾರೆ.

ಕೆಲವು ಇಚ್ಛೆಗಳನ್ನು ಮೈಕಿಗೆ ಮುನ್ನ ಫಾದರ್ ಹತ್ತಿರ ಒಯ್ಯಬೇಕು. ದಹನವನ್ನು ಧರ್ಮಸಭೆ ನಿಷೇಧಿಸಿಲ್ಲ, ಆದರೆ 2016ರ ವ್ಯಾಟಿಕನ್ ಸೂಚನೆಯಂತೆ ಚಿತಾಭಸ್ಮವನ್ನು ಪವಿತ್ರ ಸ್ಥಳದಲ್ಲಿ ಇಡಬೇಕು, ಕಡಲಲ್ಲಿ, ಗಾಳಿಯಲ್ಲಿ ಚೆಲ್ಲುವಂತಿಲ್ಲ. "ಅಪ್ಪನಿಗೆ ಕಡಲೆಂದರೆ ಪ್ರಾಣ, ಬೂದಿಯನ್ನು ಅಲ್ಲೇ ಬಿಡುತ್ತೇವೆ" ಎಂದು ಮಕ್ಕಳು ಹೇಳಿದ್ದನ್ನು ನೀವು ಹಾಗೇ ಓದಿ, ಆಮೇಲೆ ಫಾದರ್ ಎಲ್ಲರೆದುರು ತಿದ್ದಬೇಕಾಗಿ ಬಂದರೆ ಅವಮಾನ ಮಕ್ಕಳಿಗೆ.

ಮೈಕಿನ ಮುಂದೆ

ಪ್ರಕಟಣೆಯ ಜಾಗ ಪರಮಪ್ರಸಾದದ ನಂತರದ ಪ್ರಾರ್ಥನೆ ಮುಗಿದ ಮೇಲೆ, ಅಂತಿಮ ಆಶೀರ್ವಾದಕ್ಕೆ ಮುಂಚೆ. ವಾರದ ಬೇರೆ ಪ್ರಕಟಣೆಗಳಿದ್ದರೆ ಅವನ್ನೆಲ್ಲ ಮೊದಲು ಮುಗಿಸಿ, ಮರಣದ್ದನ್ನು ಕೊನೆಗಿಡಿ. ಸಾವಿನ ಸುದ್ದಿಯ ಬೆನ್ನಿಗೆ ಪಿಕ್ನಿಕ್ಕಿಗೆ ಹೆಸರು ಕೊಡಿ ಎಂಬ ಮಾತು ಬಂದರೆ ಮೌನ ಒಡೆದುಹೋಗುತ್ತದೆ. ಪರಮಪ್ರಸಾದ ತೆಗೆದುಕೊಂಡು ಹಾಗೇ ಹೊರಡುವವರು ಎಲ್ಲ ಕಡೆ ಇದ್ದಾರೆ. ಅವರಿಗಾಗಿ ಅದೇ ಚೀಟಿಯ ಪ್ರತಿಯನ್ನು ದೊಡ್ಡ ಅಕ್ಷರದಲ್ಲಿ ಬಾಗಿಲ ಫಲಕಕ್ಕೆ ಅಂಟಿಸಿ. ಮನೆಯವರ ಫೋನ್ ನಂಬರನ್ನು ಓದಬೇಡಿ, ಫಲಕಕ್ಕೂ ಹಾಕಬೇಡಿ. ವಿಚಾರಿಸುವವರು ವಾರ್ಡಿನ ಮುಖ್ಯಸ್ಥರನ್ನು ಕೇಳಲಿ.

ಮೊಬೈಲ್ ನೋಡಿ ಓದುವುದಕ್ಕಿಂತ ಕಾಗದ ಒಳ್ಳೆಯದು. ಓದುತ್ತಿರುವಾಗಲೇ ಕರೆ ಬರುತ್ತದೆ, ಪರದೆ ಆರುತ್ತದೆ. ಹೆಸರು ಓದುವ ಮುಂಚೆ ಒಂದು ಉಸಿರು ನಿಲ್ಲಿ, ಓದಿದ ಮೇಲೆ ಎರಡು ಉಸಿರು. ಹೆಸರು ಕೇಳಿದೊಡನೆ ಬೆಂಚುಗಳಲ್ಲಿ ಸಣ್ಣ ಸದ್ದು ಏಳುತ್ತದೆ, ಅದು ಇಳಿಯುವ ಮುನ್ನ ಸಮಯ ಹೇಳಿದರೆ ಯಾರ ಕಿವಿಗೂ ಬೀಳದು. ತೀರಿಕೊಂಡವರು ನಿಮಗೆ ಹತ್ತಿರದವರಾಗಿದ್ದರೆ ಬೇರೆಯವರಿಗೆ ಓದಲು ಕೊಡಿ, ಅಥವಾ ಪಕ್ಕದಲ್ಲಿ ಒಬ್ಬರನ್ನು ಇನ್ನೊಂದು ಪ್ರತಿಯೊಂದಿಗೆ ನಿಲ್ಲಿಸಿಕೊಳ್ಳಿ.

6.30ರ ಪೂಜೆಗೂ 8.30ರ ಪೂಜೆಗೂ ನಡುವೆ ಮಗನ ವಿಮಾನ ರದ್ದಾಯಿತು ಎಂದುಕೊಳ್ಳಿ. ಹಳೆಯ ಚೀಟಿಯನ್ನು ತಿದ್ದಬೇಡಿ, ಹರಿದು ಹೊಸದು ಬರೆದು, ಮೇಲೆ ಬರೆದ ಹೊತ್ತು ಹಾಕಿ, ಫಲಕದ ಪ್ರತಿಯನ್ನೂ ಬದಲಿಸಿ. 8.30ಕ್ಕೆ ಓದುವಾಗ "ಬೆಳಿಗ್ಗೆಯ ಪೂಜೆಯಲ್ಲಿ ಸೋಮವಾರ ಎಂದು ಹೇಳಿದ್ದೆವು, ಅದು ಈಗ ಮಂಗಳವಾರ ಸಂಜೆ ನಾಲ್ಕಕ್ಕೆ" ಎಂದು ಹಳೆಯದನ್ನೂ ಹೇಳಿ. ಮನೆಯಲ್ಲಿ ಮೊದಲ ಪೂಜೆಗೆ ಹೋಗಿ ಬಂದ ಅತ್ತೆ, ಎರಡನೆಯದಕ್ಕೆ ಹೋಗಿ ಬಂದ ಸೊಸೆ ಇಬ್ಬರೂ ಇರುತ್ತಾರೆ. ಯಾರು ಕೇಳಿದ್ದು ಸರಿ ಎಂಬುದು ಆ ಒಂದು ವಾಕ್ಯದಿಂದ ತೀರ್ಮಾನವಾಗುತ್ತದೆ. ಮೊದಲ ಪೂಜೆಗೆ ಬಂದವರಿಗೆ ವಾರ್ಡಿನ ಮುಖ್ಯಸ್ಥರು ಮನೆಮನೆಗೆ ಹೇಳಿ ಕಳುಹಿಸಬೇಕು, ವಾಟ್ಸಾಪ್ ನೋಡದ ಹಿರಿಯರ ಮನೆಗಳಿಗೆ ಮೊದಲು.